ಬ್ಲೂಟೂತ್ ಸ್ಪೀಕರಿನಲ್ಲಿ ಮಾತು ತುಟಿಗಿಂತ ಹಿಂದೆ ಬೀಳೋದು ಏಕೆ?

ಪ್ರಶ್ನೆ: ಸರ್, ನನ್ನ ಬ್ಲೂಟೂತ್ ಸ್ಪೀಕರನ್ನು ಟಿವಿಗೆ ಜೋಡಿಸಿ ಸೆಟ್‌ಟಾಪ್ ಬಾಕ್ಸ್ ಚಾನೆಲ್ ನೋಡಿದ್ರೆ ಮಾತು ತುಟಿಗಿಂತ ತಡವಾಗಿ ಬರುತ್ತೆ. ಅದೇ ಸ್ಪೀಕರ್ ಫೋನಿಗೆ ಹಾಕಿ ವಿಡಿಯೊ ನೋಡಿದ್ರೆ ಸರಿ ಇರುತ್ತೆ. ಫೋನಲ್ಲಿ ಗೇಮ್ ಆಡಿದ್ರೆ ಮತ್ತೆ ತಡ. ಲ್ಯಾಪ್‌ಟಾಪಲ್ಲಿ ಸಿನಿಮಾ ಹಾಕಿದ್ರೂ ಸ್ವಲ್ಪ ತಡ. ಸ್ಪೀಕರ್ ಬ್ಲೂಟೂತ್ 5.0 ಅಂತ ಡಬ್ಬಿ ಮೇಲೆ ಇದೆ. ಕೋಡೆಕ್ ಬದಲಾಯಿಸಿದ್ರೆ ಸರಿಹೋಗುತ್ತಾ, ಇಲ್ಲ ಸ್ಪೀಕರನ್ನೇ ಬದಲಾಯಿಸಬೇಕಾ?

ಉತ್ತರ: ಸ್ಪೀಕರ್ ಬದಲಾಯಿಸುವ ಆತುರ ಬೇಡ. ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೆಯ ಸುಳಿವಿದೆ. ಒಂದೇ ಸ್ಪೀಕರ್, ಒಂದೇ ಫೋನ್, ಆದರೂ ವಿಡಿಯೊದಲ್ಲಿ ಸರಿ, ಗೇಮಿನಲ್ಲಿ ತಡ. ಎರಡು ಸಲವೂ ಸ್ಪೀಕರ್ ಮಾಡುವ ಕೆಲಸ ಒಂದೇ, ತೆಗೆದುಕೊಳ್ಳುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ವಿಡಿಯೊ ನೋಡುವಾಗ ತಡ ಇರಲಿಲ್ಲ ಅಂತಲ್ಲ. ತಡ ಇತ್ತು, ಆದರೆ ವಿಡಿಯೊ ಆ್ಯಪ್ ಆ ತಡವನ್ನು ತಿಳಿದುಕೊಂಡು ಚಿತ್ರವನ್ನೂ ಅಷ್ಟೇ ಹೊತ್ತು ಹಿಡಿದಿಟ್ಟಿತ್ತು. ಗೇಮ್ ಹಾಗೆ ಹಿಡಿದಿಡೋಕೆ ಆಗಲ್ಲ. ಹಾಗಾಗಿ ಪ್ರತಿ ಸಲ ಎರಡು ಪ್ರಶ್ನೆ ಕೇಳಿಕೊಳ್ಳಿ. ತಡ ಎಷ್ಟಿದೆ? ಆ ತಡ ಚಿತ್ರ ತೋರಿಸುವವರಿಗೆ ಗೊತ್ತಿದೆಯಾ? ಜನ ಮೊದಲನೆಯದರ ಹಿಂದೆ ಬೀಳುತ್ತಾರೆ. ಆದರೆ ನೋಡುವ ವಿಷಯದಲ್ಲಿ ಮುಖ್ಯವಾದದ್ದು ಎರಡನೆಯದು.

ಮೊದಲು ತಡ ಎಲ್ಲಿಂದ ಬರುತ್ತೆ ನೋಡೋಣ. ಸ್ಪೀಕರ್‌ಗಳಿಗೆ ಹಾಡು ಕಳಿಸೋಕೆ ಬ್ಲೂಟೂತ್ ಬಳಸುವ ವಿಧಾನಕ್ಕೆ ಎ2ಡಿಪಿ ಅಂತ ಹೆಸರು. ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಮೊದಲು ಎಲ್ಲ ಆ್ಯಪ್‌ಗಳ ಶಬ್ದವನ್ನು ಬೆರೆಸಿ ಬಫರ್ ಅನ್ನೋ ತಾತ್ಕಾಲಿಕ ಜಾಗದಲ್ಲಿ ಕೂಡಿಡುತ್ತೆ. ಅಲ್ಲಿ ಕೆಲವು ಹತ್ತು ಮಿಲಿಸೆಕೆಂಡ್ ಹೋಗಬಹುದು. ಆಮೇಲೆ ಕೋಡೆಕ್ ಆ ಶಬ್ದವನ್ನು ಕುಗ್ಗಿಸುತ್ತೆ. ಕುಗ್ಗಿಸಿದ ತುಣುಕುಗಳನ್ನು ಒಟ್ಟು ಮಾಡಿ ಪ್ಯಾಕೆಟ್ ಕಟ್ಟಿ ಗಾಳಿಗೆ ಬಿಡುತ್ತಾರೆ. ಸ್ಪೀಕರ್ ಅದನ್ನು ಹಿಡಿದು ತನ್ನ ಬಫರಿಗೆ ತುಂಬಿಕೊಂಡು, ಬಿಡಿಸಿ, ಬೇಸ್ ಮತ್ತು ವಾಲ್ಯೂಮ್ ಸರಿಮಾಡಿ, ಕೊನೆಗೆ ನುಡಿಸುತ್ತೆ.

ಇದರಲ್ಲಿ ಕೋಡೆಕ್‌ನ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. ಎ2ಡಿಪಿ ಸಾಧನಗಳಲ್ಲಿ ಕಡ್ಡಾಯವಾಗಿ ಇರಲೇಬೇಕಾದ ಕೋಡೆಕ್ ಎಸ್‌ಬಿಸಿ. ಅದರ ಒಂದು ತುಣುಕಿನಲ್ಲಿ ಸಾಮಾನ್ಯವಾಗಿ 128 ಸ್ಯಾಂಪಲ್, ಅಂದರೆ ಶಬ್ದದ 128 ಅಳತೆ, ಇರುತ್ತೆ. ಸೆಕೆಂಡಿಗೆ 44,100 ಸ್ಯಾಂಪಲ್ ಅಂದರೆ ಒಂದು ತುಣುಕಿಗೆ 3 ಮಿಲಿಸೆಕೆಂಡೂ ಇಲ್ಲ. ಎಎಸಿ ಕೋಡೆಕ್ ಒಂದು ಸಲಕ್ಕೆ 1024 ಸ್ಯಾಂಪಲ್ ಕೂಡಿಹಾಕಿಕೊಂಡು ಕೆಲಸ ಶುರು ಮಾಡುತ್ತೆ, ಅಂದರೆ ಸುಮಾರು 23 ಮಿಲಿಸೆಕೆಂಡ್. ಅದರ ಲೆಕ್ಕಾಚಾರಕ್ಕೆ ಹಿಂದಿನ ಮುಂದಿನ ತುಣುಕುಗಳೂ ಬೇಕಾಗುವುದರಿಂದ ನಿಜವಾದ ತಡ ಇದಕ್ಕಿಂತ ಜಾಸ್ತಿ. ಹಾಗಾದರೆ ಎಸ್‌ಬಿಸಿಯೇ ಬೇಗ ಅಲ್ವಾ? ಕೋಡೆಕ್ ಒಂದನ್ನೇ ನೋಡಿದರೆ ಹೌದು. ಆದರೂ ಎಸ್‌ಬಿಸಿ ಸ್ಪೀಕರ್‌ಗಳಲ್ಲಿ ಒಟ್ಟು ತಡ 150ರಿಂದ 250 ಮಿಲಿಸೆಕೆಂಡ್ ಇರೋದು ಮಾಮೂಲು. ಉಳಿದದ್ದರ ಬಹುಪಾಲನ್ನು ನುಂಗುವುದು ಸ್ಪೀಕರಿನೊಳಗಿನ ಬಫರ್.

ಈ ಬಫರ್ ಏಕೆ ಬೇಕು ಅಂತ ಗೊತ್ತಾದರೆ ಉಳಿದದ್ದು ಸುಲಭ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ವೈಫೈ, ವೈರ್‌ಲೆಸ್ ಮೌಸ್, ಮೈಕ್ರೊವೇವ್ ಓವನ್ ಎಲ್ಲವೂ ಅಲ್ಲೇ ಇವೆ. ಒಂದು ಪ್ಯಾಕೆಟ್ ಕೆಟ್ಟುಹೋದರೆ ಅದನ್ನು ಮತ್ತೆ ಕಳಿಸಬೇಕು. ಮತ್ತೆ ಕೆಟ್ಟರೆ ಮತ್ತೆ. ಹೀಗಾಗಿ ಪ್ಯಾಕೆಟ್‌ಗಳು ಸಮ ಅಂತರದಲ್ಲಿ ಬರಲ್ಲ. ಒಮ್ಮೆ ಬರೋದೇ ಇಲ್ಲ, ಆಮೇಲೆ ನಾಲ್ಕು ಒಟ್ಟಿಗೆ ಬರುತ್ತವೆ. ಆದರೆ ಸ್ಪೀಕರ್ ಮಾತ್ರ ಒಂದು ಕ್ಷಣವೂ ನಿಲ್ಲದೆ ನುಡಿಸಬೇಕು. ಬೀದಿ ನಲ್ಲಿಯಲ್ಲಿ ನೀರು ಬಿಟ್ಟುಬಿಟ್ಟು ಬಂದರೂ ಮನೆ ಮೇಲಿನ ಟ್ಯಾಂಕ್ ತುಂಬಿದ್ದರೆ ಒಳಗಿನ ನಲ್ಲಿ ಒಂದೇ ಸಮ ಸುರಿಯುತ್ತಲ್ಲ, ಹಾಗೆ. ಟ್ಯಾಂಕ್ ದೊಡ್ಡದಾದಷ್ಟೂ ಧೈರ್ಯ. ಆದರೆ ಈಗ ಒಳಗೆ ಬಿದ್ದ ಹನಿ ನಲ್ಲಿಗೆ ಬರೋದು ಅಷ್ಟೇ ನಿಧಾನ.

ಎ2ಡಿಪಿ ಹುಟ್ಟಿದ್ದು ಹಾಡು ಕೇಳೋಕೆ. ಹಾಡು ಕಾಲು ಸೆಕೆಂಡ್ ತಡವಾಗಿ ಶುರುವಾದರೆ ಯಾರಿಗೂ ಏನೂ ಅನ್ನಿಸಲ್ಲ, ಮಧ್ಯೆ ಕತ್ತರಿಸಿದರೆ ಎಲ್ಲರಿಗೂ ಸಿಟ್ಟು ಬರುತ್ತೆ. ಹಾಗಾಗಿ ಸ್ಪೀಕರ್ ಮಾಡುವವರು ಬಫರನ್ನು ಧಾರಾಳವಾಗಿ ಇಡುತ್ತಾರೆ. ಅದು ಎಷ್ಟು ಅನ್ನೋದನ್ನು ಫರ್ಮ್‌ವೇರ್, ಅಂದರೆ ಸ್ಪೀಕರಿನೊಳಗಿನ ಸಾಫ್ಟ್‌ವೇರ್, ನಿರ್ಧರಿಸುತ್ತೆ. ನಿಮ್ಮ ಕೈಗೆ ಅದು ಸಿಗೋದು ಅಪರೂಪ. ಕೆಲವು ಸ್ಪೀಕರ್‌ಗಳ ಆ್ಯಪಿನಲ್ಲಿ ಗೇಮ್ ಮೋಡ್ ಅಥವಾ ಮೂವಿ ಮೋಡ್ ಅಂತ ಇರುತ್ತೆ. ಅದನ್ನು ಹಾಕಿದಾಗ ಮುಖ್ಯವಾಗಿ ಆಗೋದು ಈ ಬಫರ್ ಚಿಕ್ಕದಾಗೋದೇ. ಆಗ ತಡ ಕಡಿಮೆಯಾಗುತ್ತೆ, ಜೊತೆಗೆ ಸ್ವಲ್ಪ ದೂರ ಹೋದರೂ ಶಬ್ದ ಕತ್ತರಿಸುವ ಸಾಧ್ಯತೆ ಹೆಚ್ಚುತ್ತೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಹಾರ ಇದು.

ಇಲ್ಲೇ 5.0ರ ವಿಷಯ ಹೇಳಿಬಿಡುತ್ತೇನೆ. ಬ್ಲೂಟೂತ್ 5.0 ತಂದ ಮುಖ್ಯ ಸುಧಾರಣೆಗಳು ಕಡಿಮೆ ವಿದ್ಯುತ್ ಬಳಸುವ ಎಲ್‌ಇ ಎಂಬ ಬೇರೆ ಹಾದಿಗೆ ಸೇರಿದವು. ನಿಮ್ಮ ಸ್ಪೀಕರ್ ಹಾಡು ತರಿಸಿಕೊಳ್ಳುವುದು ಹಳೆಯ ಕ್ಲಾಸಿಕ್ ಹಾದಿಯಲ್ಲಿ. ಆದ್ದರಿಂದ ಡಬ್ಬಿ ಮೇಲಿನ 5.0 ಅಥವಾ 5.3 ನೋಡಿ ಶಬ್ದ ಬೇಗ ಬರುತ್ತೆ ಅಂತ ನಂಬಬೇಡಿ.

ಈಗ ಎರಡನೇ ಪ್ರಶ್ನೆಗೆ ಬರೋಣ. ವಿಡಿಯೊ ಪ್ಲೇಯರ್‌ಗಳು ಸಾಮಾನ್ಯವಾಗಿ ಶಬ್ದವನ್ನೇ ಗಡಿಯಾರ ಮಾಡಿಕೊಳ್ಳುತ್ತವೆ. ಈ ಕ್ಷಣದಲ್ಲಿ ಸ್ಪೀಕರಿನಿಂದ ಯಾವ ಶಬ್ದ ಹೊರಬರುತ್ತಿದೆ ಅಂತ ಆಪರೇಟಿಂಗ್ ಸಿಸ್ಟಮನ್ನು ಕೇಳಿ, ಅದಕ್ಕೆ ತಕ್ಕ ಚಿತ್ರವನ್ನು ತೋರಿಸುತ್ತವೆ. ಸಿಸ್ಟಮ್ ಕೊಡುವ ಉತ್ತರ ನಿಜವಾಗಿದ್ದರೆ ತಡ 300 ಮಿಲಿಸೆಕೆಂಡ್ ಇದ್ದರೂ ನಿಮಗೆ ಗೊತ್ತೇ ಆಗಲ್ಲ. ಪ್ಲೇ ಒತ್ತಿದ ಮೇಲೆ ಚಿತ್ರ ಚೂರು ನಿಧಾನವಾಗಿ ಓಡೋಕೆ ಶುರುವಾಗುತ್ತೆ, ಅಷ್ಟೇ.

ಆದರೆ ಸಿಸ್ಟಮಿಗೆ ತನ್ನ ಬಫರ್ ಗೊತ್ತು, ಸ್ಪೀಕರಿನ ಬಫರ್ ಹೇಗೆ ಗೊತ್ತಾಗಬೇಕು? ಅದಕ್ಕಾಗಿ ಬ್ಲೂಟೂತಿನಲ್ಲಿ ಡಿಲೇ ರಿಪೋರ್ಟಿಂಗ್ ಅನ್ನೋ ಸೌಲಭ್ಯ ಇದೆ. ನನ್ನೊಳಗೆ ಇಷ್ಟು ತಡವಾಗುತ್ತೆ ಅಂತ ಸ್ಪೀಕರೇ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತೆ. ಆದರೆ ಎಲ್ಲ ಸ್ಪೀಕರ್‌ಗಳೂ ಇದನ್ನು ಹೇಳಲ್ಲ. ಕೆಲವು ಹೇಳಿದ ಲೆಕ್ಕ ನಿಜಕ್ಕೆ ಹೊಂದಲ್ಲ. ಹೇಳಿದರೂ ಕೇಳಿಸಿಕೊಳ್ಳದ ಕಂಪ್ಯೂಟರ್‌ಗಳಿವೆ. ಆಗ ಸಿಸ್ಟಮ್ ಒಂದು ಅಂದಾಜು ಹಾಕುತ್ತೆ. ಆ ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವೇ ನಿಮಗೆ ಲ್ಯಾಪ್‌ಟಾಪಿನಲ್ಲಿ ಕಾಣುವ ಸ್ವಲ್ಪ ತಡ. ನಿಮ್ಮ ಫೋನಿನ ಅಂದಾಜು ಈ ಸ್ಪೀಕರಿಗೆ ಚೆನ್ನಾಗಿ ಹೊಂದಿದೆ, ಲ್ಯಾಪ್‌ಟಾಪಿನದು ಹೊಂದಿಲ್ಲ.

ಲ್ಯಾಪ್‌ಟಾಪಿನದನ್ನು ಸರಿಮಾಡೋದು ಎಲ್ಲಕ್ಕಿಂತ ಸುಲಭ. ಆದರೆ ಮೊದಲು ಅಳೆಯಿರಿ. ಕಿವಿ ಕಣ್ಣು ನಂಬಿ ತಿದ್ದುತ್ತಾ ಕೂತರೆ ಸ್ವಲ್ಪ ಹೊತ್ತಿನಲ್ಲೇ ಮೆದುಳು ತಪ್ಪಿಗೆ ಹೊಂದಿಕೊಂಡುಬಿಡುತ್ತೆ. ಆಮೇಲೆ ಯಾವುದು ಸರಿ ಅಂತಲೇ ತಿಳಿಯಲ್ಲ.

ಒಬ್ಬರು ಕ್ಯಾಮೆರಾ ಮುಂದೆ ಜೋರಾಗಿ ಚಪ್ಪಾಳೆ ತಟ್ಟುವ ವಿಡಿಯೊ ಫೋನಿನಲ್ಲಿ ತೆಗೆಯಿರಿ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ. ಅದನ್ನು ಓಡಿಸುತ್ತಾ, ಪರದೆ ಕಾಣುವ ಹಾಗೆ ಇನ್ನೊಮ್ಮೆ ಫೋನಿನಿಂದ ಚಿತ್ರೀಕರಿಸಿ. ಫೋನ್ ಕ್ಯಾಮೆರಾ ಸೆಕೆಂಡಿಗೆ 60 ಫ್ರೇಮಿನಲ್ಲಿರಲಿ. ಸ್ಪೀಕರ್ ಫೋನಿನ ಹತ್ತಿರವೇ ಇರಲಿ, ಏಕೆಂದರೆ ಶಬ್ದ ಗಾಳಿಯಲ್ಲಿ ಒಂದು ಮೀಟರ್ ಸಾಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಈ ರೆಕಾರ್ಡಿಂಗನ್ನು ಯಾವುದಾದರೂ ವಿಡಿಯೊ ಎಡಿಟರಿನಲ್ಲಿ ತೆರೆಯಿರಿ. ಕೈ ಸೇರುವ ಫ್ರೇಮ್ ಯಾವುದು, ಶಬ್ದದ ಗೆರೆ ಚಿಮ್ಮುವ ಫ್ರೇಮ್ ಯಾವುದು ನೋಡಿ, ನಡುವಿನ ಫ್ರೇಮ್ ಎಣಿಸಿ. ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್.

ಇದನ್ನು ಎರಡು ಸಲ ಮಾಡಬೇಕು. ಮೊದಲು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿನಲ್ಲಿ, ಆಮೇಲೆ ಬ್ಲೂಟೂತಿನಲ್ಲಿ. ಮೊದಲನೆಯದನ್ನು ಬಿಟ್ಟುಬಿಡೋದು ಸಾಮಾನ್ಯ ತಪ್ಪು. ನೀವು ತೆಗೆದ ವಿಡಿಯೊದಲ್ಲೇ, ಕ್ಯಾಮೆರಾದಲ್ಲೇ ಒಂದೆರಡು ಫ್ರೇಮ್ ವ್ಯತ್ಯಾಸ ಇರಬಹುದು. ಅದನ್ನು ಕಳೆಯಬೇಕು. ಉದಾಹರಣೆಗೆ ಸ್ವಂತ ಸ್ಪೀಕರಿನಲ್ಲಿ 2 ಫ್ರೇಮ್ ತಡ ಬಂತು, ಬ್ಲೂಟೂತಿನಲ್ಲಿ 13 ಬಂತು ಅಂತ ಇಟ್ಟುಕೊಳ್ಳಿ. ಬ್ಲೂಟೂತಿನ ಪಾಲು 11 ಫ್ರೇಮ್, ಅಂದರೆ ಸುಮಾರು 183 ಮಿಲಿಸೆಕೆಂಡ್.

ಇದು ದೊಡ್ಡದಾ ಚಿಕ್ಕದಾ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರದವರಿಗಾಗಿ ಒಂದು ಶಿಫಾರಸು ಕೊಟ್ಟಿತು. ಅದರ ಪ್ರಕಾರ ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಿದ್ದರೆ ಅಥವಾ 125 ಮಿಲಿಸೆಕೆಂಡ್ ಹಿಂದಿದ್ದರೆ ನೋಡುಗರಿಗೆ ಗೊತ್ತಾಗೋಕೆ ಶುರುವಾಗುತ್ತೆ. 90 ಮುಂದೆ ಅಥವಾ 185 ಹಿಂದೆ ಹೋದರೆ ಸಹಿಸೋಕೆ ಆಗಲ್ಲ. ಹಿಂದೆ ಬೀಳೋದನ್ನು ನಾವು ಹೆಚ್ಚು ಸಹಿಸುತ್ತೇವೆ ಅನ್ನೋದನ್ನು ಗಮನಿಸಿ. ದೂರದಲ್ಲಿ ಯಾರೋ ಸೌದೆ ಒಡೆದರೆ ಕೊಡಲಿ ಬಿದ್ದ ಮೇಲೆಯೇ ಸದ್ದು ಕೇಳುತ್ತೆ. ಸದ್ದು ಮೊದಲು ಬರೋದು ಪ್ರಕೃತಿಯಲ್ಲಿ ಎಲ್ಲೂ ಇಲ್ಲ. ಹಾಗಾಗಿ 183 ಅಂದರೆ ಸಹನೆಯ ಅಂಚು. ನಿಮಗೆ ಕಿರಿಕಿರಿಯಾಗೋದು ಸಹಜ.

ಈಗ ತಿದ್ದೋಣ. ವಿಎಲ್‌ಸಿ ಪ್ಲೇಯರಿನಲ್ಲಿ ವಿಂಡೋಸ್ ಕಂಪ್ಯೂಟರ್ ಕೀಬೋರ್ಡಿನ J ಒತ್ತಿದರೆ ಶಬ್ದ ಚಿತ್ರಕ್ಕಿಂತ 50 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತೆ, K ಒತ್ತಿದರೆ 50 ಹಿಂದಕ್ಕೆ ಹೋಗುತ್ತೆ. ನಮಗೆ ಬೇಕಾಗಿರೋದು J. ನಾಲ್ಕು ಸಲ ಒತ್ತಿದರೆ 200 ಆಗುತ್ತೆ, ಶಬ್ದ 17 ಮಿಲಿಸೆಕೆಂಡ್ ಮುಂದೆ ನಿಲ್ಲುತ್ತೆ. ಮೂರು ಸಲಕ್ಕೆ ನಿಲ್ಲಿಸಿದರೆ 33 ಮಿಲಿಸೆಕೆಂಡ್ ಹಿಂದೆ ಉಳಿಯುತ್ತೆ. ಎರಡೂ ಗೊತ್ತಾಗದ ಮಿತಿಯೊಳಗೇ ಇವೆ. ನಾನಾದರೆ ಮೂರಕ್ಕೆ ನಿಲ್ಲಿಸುತ್ತೇನೆ. ಅಳತೆಯಲ್ಲಿ ಒಂದೆರಡು ಫ್ರೇಮ್ ಏರುಪೇರಾಗಿದ್ದರೂ ಶಬ್ದ ಮುಂದೆ ಓಡದಿರಲಿ ಅಂತ. ಎಂಪಿವಿ ಪ್ಲೇಯರ್ ಬಳಸುವವರು ಅಳೆದ ಲೆಕ್ಕವನ್ನು ಸೆಕೆಂಡಿನಲ್ಲಿ ನೇರವಾಗಿ ಕೊಡಬಹುದು:

```
mpv --audio-delay=-0.18 film.mkv
```

ಇಲ್ಲಿ ಕಳೆಯುವ ಗುರುತು ಮುಖ್ಯ. ಅದಿಲ್ಲದಿದ್ದರೆ ತಡ ಎರಡರಷ್ಟಾಗುತ್ತೆ. ಇಷ್ಟಕ್ಕೂ ಪ್ಲೇಯರ್ ಶಬ್ದವನ್ನು ಬೇಗ ತರಿಸುತ್ತಿಲ್ಲ. ಅದು ಯಾರಿಂದಲೂ ಆಗಲ್ಲ. ಚಿತ್ರವನ್ನು 180 ಮಿಲಿಸೆಕೆಂಡ್ ಕಾಯಿಸುತ್ತಿದೆ. ಹಾರ್ಡ್ ಡಿಸ್ಕಿನಲ್ಲಿರುವ ಫೈಲ್ ಆದ್ದರಿಂದ ಕಾಯಿಸೋಕೆ ಏನೂ ತೊಂದರೆ ಇಲ್ಲ.

ತಿದ್ದುವ ಮುನ್ನ ಇನ್ನೊಂದು ಪರೀಕ್ಷೆ ಮಾಡಿ. ಸಿನಿಮಾ ಶುರುವಿನಲ್ಲಿ ಎಷ್ಟು ತಡ ಇದೆಯೋ ಒಂದು ಗಂಟೆ ಬಿಟ್ಟು ನೋಡಿದಾಗಲೂ ಅಷ್ಟೇ ಇರಬೇಕು. ಹಾಗಿದ್ದರೆ ಅದು ಬ್ಲೂಟೂತಿನ ಬಫರ್. ತಡ ನಿಧಾನವಾಗಿ ಬೆಳೆಯುತ್ತಾ ಹೋದರೆ ಮೊದಲು ಫೈಲ್ ಮತ್ತು ಪ್ಲೇಯರನ್ನು ಅನುಮಾನಿಸಿ. ಅದೇ ಫೈಲನ್ನು ಬ್ಲೂಟೂತ್ ಬಿಚ್ಚಿ ಓಡಿಸಿದಾಗಲೂ ಬೆಳೆಯುತ್ತಿದ್ದರೆ ಸ್ಪೀಕರಿನ ತಪ್ಪೇನೂ ಇಲ್ಲ. ಇನ್ನು ಕೆಲವೊಮ್ಮೆ ತಡ ಇದ್ದಕ್ಕಿದ್ದಂತೆ ಜಾಸ್ತಿಯಾಗಿ ಅಲ್ಲೇ ನಿಲ್ಲುತ್ತೆ, ಅದಕ್ಕೆ ಮೊದಲು ಶಬ್ದ ಒಂದೆರಡು ಸಲ ಕತ್ತರಿಸಿರುತ್ತೆ. ಗಾಳಿಯಲ್ಲಿ ಗದ್ದಲ ಹೆಚ್ಚಾಗಿ ಯಾವುದೋ ಕಡೆ ಡೇಟಾ ಕ್ಯೂ ನಿಂತಿದೆ ಅಂತ ಅರ್ಥ. ವಿಡಿಯೊ ನಿಲ್ಲಿಸಿ ಮತ್ತೆ ಶುರು ಮಾಡಿದರೆ, ಇಲ್ಲವೇ ಸ್ಪೀಕರನ್ನು ಬಿಡಿಸಿ ಮತ್ತೆ ಜೋಡಿಸಿದರೆ ಹಳೆಯ ಮಟ್ಟಕ್ಕೆ ಬರುತ್ತೆ. ಇದು ಪದೇ ಪದೇ ಆದರೆ ಲ್ಯಾಪ್‌ಟಾಪಿನ ವೈಫೈಯನ್ನು 5 ಗಿಗಾಹರ್ಟ್ಸಿಗೆ ಬದಲಾಯಿಸಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಚಿಪ್ಪಿನಲ್ಲಿ ಇರುತ್ತವೆ. ಎರಡೂ 2.4ರಲ್ಲೇ ಇದ್ದರೆ ಸರದಿಯ ಮೇಲೆ ಮಾತಾಡಬೇಕಾಗುತ್ತೆ.

ಈಗ ನಿಮ್ಮ ನಿಜವಾದ ತಲೆನೋವು, ಟಿವಿ. ಟಿವಿಯೊಳಗಿನ ಆ್ಯಪಿನಲ್ಲೇ ವಿಡಿಯೊ ನೋಡಿದಾಗ ಅದು ಫೋನಿನ ಹಾಗೇ ಚಿತ್ರವನ್ನು ಕಾಯಿಸಬಲ್ಲದು. ಆದರೆ ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ, ಶಬ್ದ ಎರಡೂ ಜೊತೆಯಾಗಿ ಬರುತ್ತವೆ. ಟಿವಿ ಚಿತ್ರವನ್ನು ಪರದೆಗೆ ಕಳಿಸುತ್ತೆ, ಶಬ್ದವನ್ನು ಬ್ಲೂಟೂತಿಗೆ ಕಳಿಸುತ್ತೆ. ಬಾಕ್ಸಿಗೆ ಬ್ಲೂಟೂತ್ ಇದೆ ಅಂತಲೇ ಗೊತ್ತಿಲ್ಲ. ಟಿವಿಗೆ ಗೊತ್ತು, ಆದರೆ ಚಿತ್ರವನ್ನು ಕಾಯಿಸಬೇಕಾದರೆ ಬಿಡಿಸಿದ ಫ್ರೇಮ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. 4ಕೆ ಚಿತ್ರದ ಒಂದು ಫ್ರೇಮ್ ಅಂದರೆ 80 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಅಂದರೆ 200 ಮಿಲಿಸೆಕೆಂಡಿಗೆ ಅಂಥ 12 ಫ್ರೇಮ್. ಎಲ್ಲ ಟಿವಿಗಳೂ ಈ ಕೆಲಸ ಮಾಡಲ್ಲ.

ಟಿವಿ ಸೆಟ್ಟಿಂಗಿನಲ್ಲಿ ಸೌಂಡ್ ಡಿಲೇ, ಆಡಿಯೊ ಡಿಲೇ ಅಂತ ಒಂದು ಪಟ್ಟಿ ಇರೋದನ್ನು ನೀವು ನೋಡಿರಬಹುದು. ಬಹಳ ಜನ ಅದನ್ನು ಎಳೆದು ನೋಡಿ ನಿರಾಶರಾಗುತ್ತಾರೆ. ಆ ಪಟ್ಟಿ ಬಹುತೇಕ ಟಿವಿಗಳಲ್ಲಿ ಶಬ್ದವನ್ನು ಇನ್ನಷ್ಟು ತಡ ಮಾಡುತ್ತೆ ಅಷ್ಟೇ. ಕೇಬಲ್ಲಿನಲ್ಲಿ ಜೋಡಿಸಿದ ಸ್ಪೀಕರಿನಲ್ಲಿ ಶಬ್ದ ಮೊದಲು ಬಂದುಬಿಡುವವರಿಗಾಗಿ ಮಾಡಿದ ಸೌಲಭ್ಯ ಅದು. ನಿಮಗೆ ಬೇಕಾಗಿರೋದು ಅದಕ್ಕೆ ಉಲ್ಟಾ. ಅದು ಸೊನ್ನೆಯಲ್ಲಿದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. ಹಿಂದೆ ಯಾರೋ ಏರಿಸಿಟ್ಟಿದ್ದರೆ ಅಷ್ಟು ತಡ ಸುಮ್ನೆ ಸೇರಿಕೊಂಡಿರುತ್ತೆ. ಕೆಲವು ಟಿವಿಗಳಲ್ಲಿ ಮಾತ್ರ ಬ್ಲೂಟೂತಿಗೆಂದೇ ಎವಿ ಸಿಂಕ್ ಅನ್ನೋ ಬೇರೆ ಸೆಟ್ಟಿಂಗ್ ಇರುತ್ತೆ. ಅದು ಚಿತ್ರವನ್ನು ಕಾಯಿಸುವ ಬಗೆಯದು. ನಿಮ್ಮದರಲ್ಲಿ ಇದ್ದರೆ ಅದನ್ನು ಆನ್ ಮಾಡಿ, ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ಇಲ್ಲದಿದ್ದರೆ ಟಿವಿಯ ಗೇಮ್ ಮೋಡ್ ನೋಡಿ. ಶಬ್ದ ತಡ ಅಂದಕೂಡಲೇ ಜನ ಗೇಮ್ ಮೋಡ್ ಹಾಕುತ್ತಾರೆ, ಎಲ್ಲವೂ ಬೇಗ ಆಗುತ್ತೆ ಅಂತ. ಬೇಗ ಆಗೋದು ಚಿತ್ರ ಮಾತ್ರ. ಚಿತ್ರವನ್ನು ನಯಗೊಳಿಸುವ ಕೆಲಸವನ್ನು ಅದು ಬಿಟ್ಟುಬಿಡುತ್ತೆ, ಹಾಗಾಗಿ ಚಿತ್ರ ಇನ್ನೂ ಮುಂದೆ ಓಡಿ ಅಂತರ ಹೆಚ್ಚುತ್ತೆ. ಬ್ಲೂಟೂತ್ ಸ್ಪೀಕರಿನಲ್ಲಿ ಚಾನೆಲ್ ನೋಡುವಾಗ ಗೇಮ್ ಮೋಡ್ ಆಫ್ ಇರಲಿ. ಅಷ್ಟೇ ಅಲ್ಲ, ಚಲನೆ ನಯಮಾಡುವ ಆಯ್ಕೆಯನ್ನು ಬೇಕೆಂದೇ ಆನ್ ಮಾಡಿ ನೋಡಿ. ಅದು ಮುಂದಿನ ಫ್ರೇಮ್ ಬರುವ ತನಕ ಕಾಯಬೇಕಾದ್ದರಿಂದ ಚಿತ್ರ ನಿಧಾನವಾಗುತ್ತೆ. ಕೆಲವು ಟಿವಿಗಳಲ್ಲಿ ಈ ಒಂದರಿಂದಲೇ 100 ಮಿಲಿಸೆಕೆಂಡಿನಷ್ಟು ಸಿಗುತ್ತೆ, ತಡ ಸಹಿಸುವ ಮಟ್ಟಕ್ಕೆ ಇಳಿಯುತ್ತೆ. ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತೆ ಅಂತ ಕೆಲವರಿಗೆ ಇದು ಹಿಡಿಸಲ್ಲ. ಸುದ್ದಿ ನೋಡೋಕೆ ತೊಂದರೆ ಇಲ್ಲ.

ಇದಕ್ಕಿಂತ ಒಳ್ಳೆಯ ದಾರಿ, ಸ್ಪೀಕರನ್ನು ಟಿವಿಗಲ್ಲ, ಬಾಕ್ಸಿಗೇ ಜೋಡಿಸೋದು. ನಿಮ್ಮ ಸೆಟ್‌ಟಾಪ್ ಬಾಕ್ಸಿನಲ್ಲಿ ಅಥವಾ ಸ್ಟ್ರೀಮಿಂಗ್ ಸ್ಟಿಕ್ಕಿನಲ್ಲಿ ಬ್ಲೂಟೂತ್ ಆಡಿಯೊ ಇದೆಯಾ ನೋಡಿ. ಚಿತ್ರ ಬಿಡಿಸುವುದೂ ಶಬ್ದ ಕಳಿಸುವುದೂ ಒಂದೇ ಪೆಟ್ಟಿಗೆಯಾದರೆ, ತಡ ಗೊತ್ತಿರುವವರೇ ಚಿತ್ರದ ಯಜಮಾನರಾಗುತ್ತಾರೆ. ಫೋನಿನಲ್ಲಿ ನಿಮಗೆ ಆಗಿರೋದೂ ಇದೇ. ಆದರೆ ಆಗ ಟಿವಿ ಚಿತ್ರ ಸಂಸ್ಕರಿಸಲು ತೆಗೆದುಕೊಳ್ಳುವ ಸಮಯ ಬಾಕ್ಸಿನ ಲೆಕ್ಕಕ್ಕೆ ಬರಲ್ಲ, ಶಬ್ದ ಮುಂದೆ ಬಂದುಬಿಡಬಹುದು. ಆಗ ಗೇಮ್ ಮೋಡ್ ಹಾಕಬೇಕು. ಒಂದೇ ಗುಂಡಿ, ಸ್ಪೀಕರ್ ಎಲ್ಲಿಗೆ ಜೋಡಿಸಿದ್ದೀರಿ ಅನ್ನೋದರ ಮೇಲೆ ಅದರ ಪರಿಣಾಮ ತಿರುಗಾಮುರುಗಾ.

ಸ್ಪೀಕರಿನಲ್ಲಿ ಆಕ್ಸ್ ಕಿಂಡಿ ಇದ್ದರೆ ಟಿವಿಯ ಹೆಡ್‌ಫೋನ್ ಕಿಂಡಿಯಿಂದ ಒಂದು ತಂತಿ ಎಳೆದುಬಿಡಿ ಅಂತಲೇ ನನ್ನ ಸಲಹೆ. ಸ್ಪೀಕರ್ ಒಂದೇ ಕಡೆ ಕೂತಿರುತ್ತೆ ಅನ್ನುವುದಾದರೆ ವೈರ್‌ಲೆಸ್ಸಿನ ಹಟ ಏಕೆ? ತಂತಿಯಲ್ಲಿ ರೇಡಿಯೊ ಬಫರೇ ಇಲ್ಲ. ಸ್ಪೀಕರ್ ತನ್ನೊಳಗೆ ಬೇಸ್ ಸರಿಮಾಡಲು ತೆಗೆದುಕೊಳ್ಳುವ ಅಲ್ಪ ಸಮಯ ಮಾತ್ರ ಉಳಿಯುತ್ತೆ. ಎರಡು ಸ್ಪೀಕರನ್ನು ಸ್ಟೀರಿಯೊ ಜೋಡಿ ಮಾಡಿದ್ದರೆ ಅಥವಾ ಪಾರ್ಟಿ ಮೋಡಿನಲ್ಲಿ ಸೇರಿಸಿದ್ದರೆ ವಿಡಿಯೊ ನೋಡುವಾಗ ಬಿಡಿಸಿ. ಹೀಗೆ ಜೋಡಿಸಿದಾಗ ಒಂದು ಸ್ಪೀಕರ್ ಇನ್ನೊಂದಕ್ಕೆ ಶಬ್ದ ದಾಟಿಸಿ, ಎರಡೂ ಒಟ್ಟಿಗೆ ನುಡಿಯಲು ಕಾಯಬೇಕಾಗುತ್ತೆ. ತಡ ಹೆಚ್ಚೋದು ಅಲ್ಲಿಂದಲೂ.

ಇನ್ನು ಕೋಡೆಕ್ ಬದಲಾಯಿಸುವ ಮಾತು. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ Bluetooth audio codec ಅಂತ ಒಂದು ಸಾಲು ಇರುತ್ತೆ. ಸ್ಪೀಕರ್ ಜೋಡಿಸಿದ ಮೇಲೆ ಅದನ್ನು ತೆರೆದರೆ ಈಗ ಯಾವುದು ಓಡುತ್ತಿದೆ, ಬೇರೆ ಯಾವುದು ಸಾಧ್ಯ ಅಂತ ಕಾಣುತ್ತೆ. ಎಎಸಿ ಇದ್ದರೆ ಎಸ್‌ಬಿಸಿಗೆ ಬದಲಾಯಿಸಿ ಅಳೆದು ನೋಡಬಹುದು, ಕೆಲವು ಹತ್ತು ಮಿಲಿಸೆಕೆಂಡ್ ಉಳಿದರೆ ಲಾಭ. ಎಲ್‌ಡಿಎಸಿ ಅನ್ನೋ ಕೋಡೆಕ್ ಇರುವುದು ಗುಣಮಟ್ಟಕ್ಕಾಗಿ, ವೇಗಕ್ಕಲ್ಲ. ಅದು ಸೆಕೆಂಡಿಗೆ 990 ಕಿಲೊಬಿಟ್‌ವರೆಗೆ ಕಳಿಸುತ್ತೆ, ಅಷ್ಟೊಂದು ಡೇಟಾ ಸುಗಮವಾಗಿ ಸಾಗೋಕೆ ಬಫರೂ ಧಾರಾಳವಾಗಿ ಬೇಕು. ಗೇಮ್ ಆಡುವಾಗ ಅದನ್ನು ಬಿಡಿ.

ತಡ ಕಡಿಮೆ ಮಾಡಲೆಂದೇ ಹುಟ್ಟಿದ್ದು ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅನ್ನೋ ಕೋಡೆಕ್. ಮೂಲದಿಂದ ಕಿವಿಯ ತನಕ ಸುಮಾರು 40 ಮಿಲಿಸೆಕೆಂಡ್ ಅನ್ನೋದು ಅದರ ಗುರಿ. ಈಗ ಅದರ ಜಾಗಕ್ಕೆ ಆಪ್ಟ್‌ಎಕ್ಸ್ ಅಡಾಪ್ಟಿವ್ ಬಂದಿದೆ. ಇವು ಬೇಗ ಆಗೋದು ಕುಗ್ಗಿಸುವ ಗಣಿತದ ಜಾಣತನದಿಂದ ಮಾತ್ರ ಅಲ್ಲ, ಸ್ಪೀಕರಿನ ಬಫರನ್ನೂ ಚಿಕ್ಕದಾಗಿಡುವ ಒಪ್ಪಂದ ಜೊತೆಗೇ ಬರುವುದರಿಂದ. ಅದಕ್ಕೇ ಎರಡೂ ಕಡೆ ಅದೇ ಹೆಸರು ಇರಲೇಬೇಕು. ಬರೀ ಆಪ್ಟ್‌ಎಕ್ಸ್ ಅಂತ ಬರೆದಿದ್ದರೆ ಅದು ಬೇರೆ ಸರಕು. ಟಿವಿಗೆ ಹಾಕುವ ಟ್ರಾನ್ಸ್‌ಮಿಟರ್ ಕೊಂಡು ಮೋಸಹೋದೆ ಅನ್ನುವವರ ಕಥೆ ಬಹುಮಟ್ಟಿಗೆ ಇದೇ. ಟ್ರಾನ್ಸ್‌ಮಿಟರಿನಲ್ಲಿ ಲೋ ಲೇಟೆನ್ಸಿ ಇದೆ, ಸ್ಪೀಕರಿನಲ್ಲಿ ಇಲ್ಲ. ಎರಡೂ ಮಾತಾಡಿಕೊಂಡು ಸದ್ದಿಲ್ಲದೆ ಎಸ್‌ಬಿಸಿಗೆ ಇಳಿಯುತ್ತವೆ. ತಡ ಅಷ್ಟೇ ಉಳಿಯುತ್ತೆ. ನಿಮ್ಮ ಸ್ಪೀಕರಿನ ಕೈಪಿಡಿಯಲ್ಲಿ ಕೋಡೆಕ್ ಹೆಸರು ನೋಡದೆ ಟ್ರಾನ್ಸ್‌ಮಿಟರ್ ಕೊಳ್ಳಬೇಡಿ.

ಗೇಮ್‌ಗೆ ಮಾತ್ರ ಚಿತ್ರ ಕಾಯಿಸುವ ಉಪಾಯ ನಡೆಯಲ್ಲ. ಬೆರಳು ಒತ್ತಿದ ಮೇಲೆ ಏನಾಗಬೇಕು ಅಂತ ಮೊದಲೇ ಗೊತ್ತಿಲ್ಲ, ಚಿತ್ರ ತಡೆದರೆ ಆಟವೇ ತಡವಾಗುತ್ತೆ. ಇಲ್ಲಿ ನಿಜವಾದ ತಡವನ್ನೇ ಇಳಿಸಬೇಕು. ಸದ್ಯಕ್ಕೆ ನಿಮ್ಮ ಸ್ಪೀಕರಿನಲ್ಲಿ ಇರುವ ದಾರಿ ಎರಡೇ. ಅದರ ಆ್ಯಪಿನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಫೋನಿನ ಸ್ವಂತ ಸ್ಪೀಕರ್ ಅಥವಾ ತಂತಿಯ ಇಯರ್‌ಫೋನ್ ಬಳಸಿ.

ಮುಂದೆ ಯಾವಾಗಲೋ ಸ್ಪೀಕರ್ ಬದಲಾಯಿಸುವ ಹೊತ್ತಿಗೆ ಎಲ್‌ಇ ಆಡಿಯೊ ಅನ್ನೋ ಹೆಸರು ಹುಡುಕಿ. ಇದರ ಅಡಿಪಾಯ ಬ್ಲೂಟೂತ್ 5.2ರ ಜೊತೆ ಬಂತು, ಪೂರ್ತಿ ನಿಯಮಾವಳಿ 2022ರಲ್ಲಿ ಮುಗಿಯಿತು. ಇದರ ಕೋಡೆಕ್ ಎಲ್‌ಸಿ3, ತುಣುಕು 10 ಅಥವಾ 7.5 ಮಿಲಿಸೆಕೆಂಡಿನದು. ಆದರೆ ನನಗೆ ಇದರಲ್ಲಿ ಹಿಡಿಸಿದ್ದು ಕೋಡೆಕ್ ಅಲ್ಲ. ಪ್ರತಿ ತುಣುಕು ಎಷ್ಟು ಹೊತ್ತಿನೊಳಗೆ ತಲುಪಬೇಕು, ತಲುಪಿದ ಎಷ್ಟು ಹೊತ್ತಿಗೆ ನುಡಿಯಬೇಕು ಅನ್ನೋದನ್ನು ಫೋನ್ ಮತ್ತು ಸ್ಪೀಕರ್ ಮೊದಲೇ ಮಾತಾಡಿ ನಿಗದಿ ಮಾಡಿಕೊಳ್ಳುತ್ತವೆ. ಹೊತ್ತು ಮೀರಿದ ತುಣುಕನ್ನು ಕಾಯದೆ ಬಿಟ್ಟುಬಿಡುತ್ತವೆ. ಅಂದರೆ ತಡವೂ ಚಿಕ್ಕದು, ಎಷ್ಟು ಅನ್ನೋದೂ ಎರಡೂ ಕಡೆಗೆ ಗೊತ್ತು. ಕೊಳ್ಳುವಾಗ ಫೋನ್ ಅಥವಾ ಟಿವಿ, ಮತ್ತು ಸ್ಪೀಕರ್, ಎರಡರ ವಿವರದಲ್ಲೂ ಎಲ್‌ಇ ಆಡಿಯೊ ಅಂತ ಸ್ಪಷ್ಟವಾಗಿ ಇರಬೇಕು. ಬರೀ 5.2 ಅಥವಾ 5.3 ಅಂತ ಇದ್ದರೆ ಸಾಲದು, ಅದು ಐಚ್ಛಿಕ ಸೌಲಭ್ಯ. ಸದ್ಯಕ್ಕೆ ಬಾಕ್ಸಿನಲ್ಲಿ ಬ್ಲೂಟೂತ್ ಇದೆಯಾ ನೋಡಿ, ಇಲ್ಲದಿದ್ದರೆ ಆಕ್ಸ್ ತಂತಿ ಹಾಕಿ. ಟಿವಿಯ ಮಾಡೆಲ್ ಸಂಖ್ಯೆ ಮತ್ತು ಚಪ್ಪಾಳೆ ಪರೀಕ್ಷೆಯ ಎರಡೂ ಫ್ರೇಮ್ ಲೆಕ್ಕ ಬರೆದು ಕಳಿಸಿದರೆ ಎವಿ ಸಿಂಕ್ ಎಲ್ಲಿ ಅಡಗಿದೆ ಅಂತ ಒಟ್ಟಿಗೆ ಹುಡುಕೋಣ.